ಒಡೆಯುವುದೋ, ಅಡಗುವುದೋ? – ಲ್ಯಾಂಬ್ಡಾ ವೈರಸ್ಸಿನೊಳಗಿನ ಸ್ವಿಚ್ಚು

ಹತ್ತನೆಯ ತರಗತಿಯಲ್ಲಿ ವೈರಸ್ಸುಗಳ ಪಾಠ ಮಾಡುತ್ತಿದ್ದಾಗಿನ ಮಾತು. ಬ್ಯಾಕ್ಟೀರಿಯಗಳನ್ನೂ ತಿಂದುಹಾಕುವ ವೈರಸ್ಸುಗಳಿವೆ, ಅವಕ್ಕೆ ಬ್ಯಾಕ್ಟೀರಿಯೋಫೇಜ್ ಅಥವಾ ಚಿಕ್ಕದಾಗಿ ಫೇಜ್ ಎಂದು ಹೆಸರು, ಅವು ಬ್ಯಾಕ್ಟೀರಿಯದೊಳಗೆ ತಮ್ಮ ಡಿ.ಎನ್.ಎ.ಯನ್ನು ತೂರಿಸಿ, ಒಂದು ನೂರಾಗಿ, ಕೊನೆಗೆ ಅದನ್ನು ಒಡೆದು ಹೊರಬರುತ್ತವೆ ಎಂದು ನಾನು ಹೇಳಿ ಮುಗಿಸಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, “ಮಾಷ್ಟ್ರೇ, ಒಂದಕ್ಕೆ ನೂರು, ನೂರಕ್ಕೆ ಹತ್ತು ಸಾವಿರ ಎಂದು ಹೀಗೆ ಹೆಚ್ಚಿದರೆ ಬ್ಯಾಕ್ಟೀರಿಯಗಳೆಲ್ಲ ಎಂದೋ ಮುಗಿದುಹೋಗಬೇಕಿತ್ತಲ್ಲ? ಆಮೇಲೆ ವೈರಸ್ಸು ಎಲ್ಲಿ ಬದುಕುತ್ತದೆ?” ಎಂದು ಕೇಳಿದಳು. ಪ್ರಶ್ನೆ ಬಹಳ ಚೆನ್ನಾಗಿತ್ತು. ಅದಕ್ಕೆ ಉತ್ತರಗಳು ಹಲವು. ಅವುಗಳಲ್ಲಿ ಒಂದನ್ನು ಮಾತ್ರ, ನನಗೆ ಬಹಳ ಮೆಚ್ಚಿಕೆಯಾದುದನ್ನು, ಇಲ್ಲಿ ಬರೆಯುತ್ತೇನೆ. ಕೆಲವು ಫೇಜುಗಳು ಹೊಕ್ಕ ಮನೆಯನ್ನು ಪ್ರತಿಸಲವೂ ಕೆಡವುವುದಿಲ್ಲ. ಒಮ್ಮೆ ಕೆಡವುತ್ತವೆ, ಒಮ್ಮೆ ಅದರಲ್ಲಿಯೇ ಅಡಗಿ ಕುಳಿತುಕೊಳ್ಳುತ್ತವೆ. ಯಾವಾಗ ಯಾವುದು ಎಂಬುದನ್ನು ನಿರ್ಧರಿಸುವ ಉಪಾಯ ಅವುಗಳ ಡಿ.ಎನ್.ಎ.ಯಲ್ಲಿಯೇ ಇದೆ.

ಇಂತಹ ಫೇಜುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಲ್ಯಾಂಬ್ಡಾ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿದ್ದ ಎಸ್ತರ್ ಲೆಡರ್‌ಬರ್ಗ್ ಎಂಬ ವಿಜ್ಞಾನಿ ಇದರ ಸುದ್ದಿಯನ್ನು 1951ರಲ್ಲಿ ಪ್ರಕಟಿಸಿದರು. ನಮ್ಮ ಕರುಳಿನಲ್ಲಿ ವಾಸಿಸುವ ಈ. ಕೋಲಿ ಎಂಬ ಬ್ಯಾಕ್ಟೀರಿಯದ ಒಂದು ತಳಿ ಕೆ-12. ಇದನ್ನು 1922ರಲ್ಲಿ ಒಬ್ಬ ರೋಗಿಯ ಮಲದಿಂದ ಬೇರ್ಪಡಿಸಿ, ಅಂದಿನಿಂದ ಪ್ರಯೋಗಶಾಲೆಗಳಲ್ಲಿ ಬೆಳೆಸುತ್ತ ಬಂದಿದ್ದರು. ಎಷ್ಟೋ ಜನ ಅದನ್ನು ಬಳಸಿ ಎಷ್ಟೋ ಪ್ರಯೋಗಗಳನ್ನು ಮಾಡಿದ್ದರು. ಅದರೊಳಗೆ ಒಂದು ವೈರಸ್ಸು ಸದ್ದಿಲ್ಲದೆ ಕುಳಿತಿದೆ ಎಂಬುದು ಸುಮಾರು ಮೂವತ್ತು ವರ್ಷ ಯಾರಿಗೂ ತಿಳಿಯಲಿಲ್ಲ! ಕೆ-12ರಿಂದಲೇ ಹುಟ್ಟಿದ, ಆದರೆ ಫೇಜನ್ನು ಕಳೆದುಕೊಂಡಿದ್ದ ಒಂದು ಉಪತಳಿಯನ್ನು ಮೂಲ ತಳಿಯೊಂದಿಗೆ ಬೆರೆಸಿದಾಗ ಆ ಉಪತಳಿಯ ಬೆಳವಣಿಗೆಯ ಮೇಲೆ ಇಲಿ ಕಡಿದಂತಹ ಗುರುತುಗಳು ಎದ್ದವು. ಮೂಲ ತಳಿಯಿಂದ ಹೊರಬಿದ್ದ ಫೇಜು ಅದನ್ನು ಒಡೆಯುತ್ತಿತ್ತು.

ಲ್ಯಾಂಬ್ಡಾದ ಆಕಾರ ಗೊದಮೊಟ್ಟೆಯನ್ನು ನೆನಪಿಗೆ ತರುತ್ತದೆ: ಒಂದು ತಲೆ, ಒಂದು ಬಾಲ. ತಲೆಯ ಅಗಲ ಒಂದು ಮಿಲಿಮೀಟರಿನ ಹದಿನೈದು ಸಾವಿರದ ಒಂದು ಭಾಗದಷ್ಟು. ಅದರೊಳಗೆ 48,502 ಜೋಡಿ ಅಕ್ಷರಗಳ ಡಿ.ಎನ್.ಎ. ಎಳೆಯನ್ನು ಒತ್ತಿ ತುಂಬಿದೆ. ಅಕ್ಷರ ಎಂದರೆ ಎ, ಟಿ, ಜಿ, ಸಿ ಎಂಬ ನಾಲ್ಕು ಬೇಸುಗಳು. ನೀವು ಪಾಠದಲ್ಲಿ ಓದಿದ್ದೀರಿ. ಈ ಎಳೆಯನ್ನು ಬಿಡಿಸಿ ಚಾಚಿದರೆ ಅದು ಹೊಗಬೇಕಾದ ಬ್ಯಾಕ್ಟೀರಿಯಕ್ಕಿಂತ ಏಳೆಂಟು ಪಟ್ಟು ಉದ್ದ. ಫೇಜು ತನ್ನ ಬಾಲದ ತುದಿಯಿಂದ ಬ್ಯಾಕ್ಟೀರಿಯದ ಮೈಯನ್ನು ಹಿಡಿದುಕೊಂಡು ಡಿ.ಎನ್.ಎ.ಯನ್ನು ಮಾತ್ರ ಒಳಗೆ ಬಿಡುತ್ತದೆ. ಖಾಲಿ ತಲೆಬಾಲಗಳು ಹೊರಗೇ ಉಳಿಯುತ್ತವೆ. ಒಳಗೆ ಹೋದ ಎಳೆಯ ಎರಡು ತುದಿಗಳು ಒಂದಕ್ಕೊಂದು ಅಂಟಿ ಬಳೆಯಂತಾಗುತ್ತದೆ. ಇಲ್ಲಿಂದ ಮುಂದೆ ಎರಡು ದಾರಿಗಳು.

ಮೊದಲನೆಯದಕ್ಕೆ ಲೈಸಿಸ್ ಎಂದು ಹೆಸರು, ಅಂದರೆ ಒಡೆಯುವ ದಾರಿ. ಫೇಜಿನ ಜೀನುಗಳು ಒಂದಾದ ಮೇಲೊಂದರಂತೆ ಕೆಲಸಕ್ಕೆ ತೊಡಗಿ, ಡಿ.ಎನ್.ಎ. ನಕಲುಗಳೂ ತಲೆಬಾಲಗಳೂ ತಯಾರಾಗಿ, ಸುಮಾರು 45 ನಿಮಿಷಗಳಲ್ಲಿ ಬ್ಯಾಕ್ಟೀರಿಯ ಒಡೆದು ನೂರರಷ್ಟು ಹೊಸ ಫೇಜುಗಳು ಹೊರಬೀಳುತ್ತವೆ. ಎರಡನೆಯದು ಲೈಸೋಜೆನಿ, ಅಂದರೆ ಅಡಗುವ ದಾರಿ. ಇದರಲ್ಲಿ ಫೇಜಿನ ಬಳೆ ಒಂದು ಕಡೆ ಬಿಚ್ಚಿಕೊಂಡು ಬ್ಯಾಕ್ಟೀರಿಯದ ಡಿ.ಎನ್.ಎ.ಯ ಒಂದು ಗೊತ್ತಾದ ಜಾಗದಲ್ಲಿ ಸೇರಿಕೊಂಡುಬಿಡುತ್ತದೆ. ಬ್ಯಾಕ್ಟೀರಿಯ ಎರಡಾಗಿ ಒಡೆದಾಗಲೆಲ್ಲ ತನ್ನ ಡಿ.ಎನ್.ಎ.ಯ ಜೊತೆಗೆ ಇದನ್ನೂ ನಕಲು ಮಾಡಿ ಮಕ್ಕಳಿಗೆ ಹಂಚುತ್ತದೆ. ಹೀಗೆ ನೂರು ಸಾವಿರ ತಲೆಮಾರು ಕಳೆದರೂ ಫೇಜು ಮಲಗಿಯೇ ಇರಬಲ್ಲದು. ಆದರೆ ಆ ಬ್ಯಾಕ್ಟೀರಿಯಗಳ ಮೇಲೆ ಅತಿನೇರಳೆ ಕಿರಣವನ್ನು ಬಿಟ್ಟರೆ ಸುಮಾರು ಒಂದು ಗಂಟೆಯೊಳಗೆ ಹೆಚ್ಚುಕಡಿಮೆ ಎಲ್ಲವೂ ಒಡೆದುಹೋಗುತ್ತವೆ. ಕಿರಣದಿಂದ ಮಲಗಿದ ಫೇಜು ಏಳುತ್ತದೆ ಎಂಬುದನ್ನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಆಂಡ್ರೆ ಲ್ವಾಫ್ ಮತ್ತು ಸಂಗಡಿಗರು 1950ರಲ್ಲಿ ಬೇರೊಂದು ಬ್ಯಾಕ್ಟೀರಿಯದಲ್ಲಿ ಕಂಡಿದ್ದರು.

ಮನೆಯ ಗೋಡೆಯ ಮೇಲಿನ ವಿದ್ಯುತ್ ಸ್ವಿಚ್ಚನ್ನು ನೆನೆಯಿರಿ. ಅದು ಮೇಲೆ ಇರುತ್ತದೆ, ಇಲ್ಲವೆ ಕೆಳಗೆ ಇರುತ್ತದೆ. ನಡುವೆ ನಿಲ್ಲಿಸಲು ನೋಡಿದರೂ ನಿಲ್ಲುವುದಿಲ್ಲ. ಹಾಗೆಯೇ ಸಣ್ಣಗೆ ಬೆರಳು ತಾಗಿದ ಮಾತ್ರಕ್ಕೆ ಅದು ಮಗುಚುವುದೂ ಇಲ್ಲ. ಸಾಕಷ್ಟು ಒತ್ತಿದರೆ ಮಾತ್ರ ಟಕ್ಕೆಂದು ಪೂರ್ತಿ ಮಗುಚುತ್ತದೆ. ಲ್ಯಾಂಬ್ಡಾ ಮಾಡುವುದೂ ಇದನ್ನೇ. ಆದರೆ ಅದರ ಬಳಿ ಸ್ಪ್ರಿಂಗೂ ಇಲ್ಲ, ತಗಡೂ ಇಲ್ಲ. ಇರುವುದು ಎರಡು ಬಗೆಯ ಪ್ರೋಟೀನು ಮತ್ತು ಡಿ.ಎನ್.ಎ.ಯ ಒಂದು ತುಣುಕು. ಅಷ್ಟರಿಂದ ಸ್ವಿಚ್ಚು ಹೇಗಾಗುತ್ತದೆ?

ಮೊದಲು ಆ ತುಣುಕನ್ನು ನೋಡೋಣ. ಲ್ಯಾಂಬ್ಡಾದ ಡಿ.ಎನ್.ಎ.ಯಲ್ಲಿ ಒಂದು ಕಡೆ ಎರಡು ಜೀನುಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ. ಎಡಗಡೆಯದರ ಹೆಸರು ಸಿ-ಒನ್. ಇದು ತಯಾರಿಸುವ ಪ್ರೋಟೀನಿಗೆ ರಿಪ್ರೆಸರ್ ಎನ್ನುತ್ತಾರೆ, ನಾವು ‘ದಮನಕ’ ಎನ್ನೋಣ. ಬಲಗಡೆಯದರ ಹೆಸರು ಕ್ರೋ. ಅದರ ಪ್ರೋಟೀನಿಗೂ ಕ್ರೋ ಎಂದೇ ಹೆಸರು. ದಮನಕದ್ದು 236 ಅಮೈನೋ ಆಮ್ಲಗಳ ಸರ, ಕ್ರೋ ಬಹಳ ಚಿಕ್ಕದು, 66 ಮಾತ್ರ. ಜೀನಿನಿಂದ ಪ್ರೋಟೀನು ಆಗಬೇಕಾದರೆ ಮೊದಲು ಅದರ ಆರ್.ಎನ್.ಎ. ನಕಲು ಆಗಬೇಕಷ್ಟೆ. ಆ ನಕಲು ಮಾಡುವ ಕಿಣ್ವ ಆರ್.ಎನ್.ಎ. ಪಾಲಿಮರೇಸ್, ಅದನ್ನು ‘ನಕಲುಗಾರ’ ಎಂದು ಕರೆಯೋಣ. ಸಿ-ಒನ್ನನ್ನು ಬರೆಯಲು ನಕಲುಗಾರ ಎಡಕ್ಕೆ ಮುಖ ಮಾಡಿ ಹೊರಡಬೇಕು, ಕ್ರೋವನ್ನು ಬರೆಯಲು ಬಲಕ್ಕೆ. ಹೊರಡುವ ಎರಡು ಜಾಗಗಳೂ ಈ ಎರಡು ಜೀನುಗಳ ನಡುವೆಯೇ ಅಕ್ಕಪಕ್ಕದಲ್ಲಿವೆ.

ಅದೇ ನಡುವಿನ ಜಾಗದಲ್ಲಿ ಸಾಲಾಗಿ ಮೂರು ಆಸನಗಳಿವೆ. ಊಟದ ಪಂಕ್ತಿಯಲ್ಲಿ ಹಾಕಿದ ಮೂರು ಮಣೆಗಳೆಂದು ತಿಳಿಯಿರಿ. ಒಂದೊಂದು ಮಣೆಯೂ 17 ಜೋಡಿ ಅಕ್ಷರಗಳಷ್ಟು ಉದ್ದ. ದಮನಕವೂ ಕ್ರೋವೂ ಕುಳಿತುಕೊಳ್ಳುವುದು ಇದೇ ಮೂರು ಮಣೆಗಳ ಮೇಲೆ. ಬಲದಿಂದ ಎಣಿಸುವುದು ರೂಢಿ:

ಸಿ-ಒನ್ ← [ಮಣೆ 3] [ಮಣೆ 2] [ಮಣೆ 1] → ಕ್ರೋ

ಮಣೆ 1 ಮತ್ತು ಮಣೆ 2, ಬಲಕ್ಕೆ ಹೊರಡುವ ನಕಲುಗಾರ ನಿಲ್ಲಬೇಕಾದ ಜಾಗದ ಮೇಲೆಯೇ ಬಂದಿವೆ. ಅವುಗಳ ಮೇಲೆ ಯಾರಾದರೂ ಕುಳಿತರೆ ಕ್ರೋ ಜೀನಿನ ಬಾಗಿಲು ಮುಚ್ಚಿದಂತೆ. ಮಣೆ 3 ಎಡಕ್ಕೆ ಹೊರಡುವವನ ಜಾಗದ ಮೇಲಿದೆ. ಅಲ್ಲಿ ಯಾರಾದರೂ ಕುಳಿತರೆ ಸಿ-ಒನ್ ಜೀನಿನ ಬಾಗಿಲು ಮುಚ್ಚಿತು. ಈ ಚಿತ್ರವನ್ನು ಒಮ್ಮೆ ನಿಮ್ಮ ನೋಟುಪುಸ್ತಕದಲ್ಲಿ ಬರೆದುಕೊಂಡು ಮುಂದೆ ಓದಿದರೆ ಉಳಿದುದೆಲ್ಲ ಸುಲಭ.

ಈಗ ಗುಟ್ಟಿನ ಮಾತು. ಮೂರು ಮಣೆಗಳ ಅಕ್ಷರಗಳು ಬಹುಮಟ್ಟಿಗೆ ಒಂದೇ ತರಹ, ಆದರೆ ಪೂರ್ತಿ ಒಂದೇ ಅಲ್ಲ. ಆ ಅಲ್ಪ ವ್ಯತ್ಯಾಸದಿಂದಾಗಿ ದಮನಕಕ್ಕೆ ಎಲ್ಲಕ್ಕಿಂತ ಮೆಚ್ಚಿನದು ಮಣೆ 1. ಕ್ರೋವಿಗೆ ಎಲ್ಲಕ್ಕಿಂತ ಮೆಚ್ಚಿನದು ಮಣೆ 3. ಇಬ್ಬರೂ ಬರುವುದು ಅದೇ ಪಂಕ್ತಿಗೆ, ಆದರೆ ಒಬ್ಬರು ಬಲತುದಿಯಿಂದ ತುಂಬುತ್ತ ಬರುತ್ತಾರೆ, ಇನ್ನೊಬ್ಬರು ಎಡತುದಿಯಿಂದ. ಇಡೀ ಸ್ವಿಚ್ಚು ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಫೇಜು ಅಡಗಿರುವ ಬ್ಯಾಕ್ಟೀರಿಯವನ್ನು ಮೊದಲು ತೆಗೆದುಕೊಳ್ಳೋಣ. ಅದರೊಳಗೆ ದಮನಕದ ಸುಮಾರು ಇನ್ನೂರು ಅಣುಗಳಿರುತ್ತವೆ. ಅವು ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಎರಡೆರಡು ಸೇರಿ ಜೋಡಿಯಾಗುತ್ತವೆ. ದಮನಕದ ಅಣು ನೋಡಲು ಡಂಬೆಲ್ಲಿನ ಹಾಗೆ ಇದೆ: ಎರಡು ಗುಂಡುಗಳು, ನಡುವೆ ಒಂದು ತೆಳ್ಳಗಿನ ಎಳೆ. ಒಂದು ಗುಂಡು ಡಿ.ಎನ್.ಎ.ಯನ್ನು ಹಿಡಿಯುವ ಕೈ, ಇನ್ನೊಂದು ಗುಂಡು ಜೊತೆಗಾರನನ್ನು ಹಿಡಿಯುವ ಕೈ. ಒಂದು ಜೋಡಿ ಮಣೆ 1ರ ಮೇಲೆ ಕುಳಿತೊಡನೆ ಅದು ಪಕ್ಕದ ಮಣೆ 2ಕ್ಕೆ ಇನ್ನೊಂದು ಜೋಡಿಯನ್ನು ಕೈಹಿಡಿದು ಎಳೆದು ಕೂರಿಸಿಕೊಳ್ಳುತ್ತದೆ. ಮಣೆ 2 ಸ್ವತಃ ದಮನಕಕ್ಕೆ ಅಷ್ಟೇನೂ ಹಿಡಿಸಿದ ಜಾಗವಲ್ಲ. ಆದರೆ ನೆರೆಯವನು ಕರೆದಾಗ ಬಿಟ್ಟು ಏಳುವುದಿಲ್ಲ. ಹೀಗೆ ಮಣೆ 1 ಮತ್ತು 2 ಒಟ್ಟಿಗೆ ತುಂಬಿ ಕ್ರೋವಿನ ಬಾಗಿಲು ಮುಚ್ಚುತ್ತದೆ. ಕ್ರೋವಿನ ಹಿಂದೆಯೇ ಸಾಲುಗಟ್ಟಿ ನಿಂತಿರುವ, ಬ್ಯಾಕ್ಟೀರಿಯವನ್ನು ಒಡೆಯುವ ಕೆಲಸದ ಜೀನುಗಳೂ ನಿದ್ರೆ ಮಾಡುತ್ತವೆ.

ಇಷ್ಟೇ ಆಗಿದ್ದರೆ ತೊಂದರೆಯಿತ್ತು. ಬ್ಯಾಕ್ಟೀರಿಯ ಒಡೆದು ಎರಡಾದಾಗಲೆಲ್ಲ ಇದ್ದ ದಮನಕ ಇಬ್ಬರಿಗೂ ಹಂಚಿಹೋಗಿ ಅರ್ಧವಾಗುತ್ತದೆ. ಹೊಸದು ಬರುತ್ತಲೇ ಇರಬೇಕು. ಆದರೆ ಎಡಕ್ಕೆ ಹೊರಡುವ ಜಾಗವು ಸ್ವಭಾವತಃ ದುರ್ಬಲ. ನಕಲುಗಾರ ಅಲ್ಲಿ ಬಂದು ನಿಂತರೂ ಹೊರಡುವುದು ಅಪರೂಪ. ಇಲ್ಲಿ ಮಣೆ 2ರ ಮೇಲೆ ಕುಳಿತ ದಮನಕ ಎರಡನೆಯ ಕೆಲಸವನ್ನೂ ಮಾಡುತ್ತದೆ. ಅದು ಎಡಗಡೆಯ ನಕಲುಗಾರನಿಗೆ ಮೈತಾಗಿಸಿ ಒತ್ತಾಸೆ ಕೊಡುತ್ತದೆ. ಆಗ ಸಿ-ಒನ್ನಿನ ನಕಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಎಂದರೆ ದಮನಕವು ಬಲಗೈಯಿಂದ ಎದುರಾಳಿಯ ಬಾಗಿಲು ಮುಚ್ಚಿ, ಎಡಗೈಯಿಂದ ತನ್ನದೇ ತಯಾರಿಕೆಗೆ ಬಾಗಿಲು ತೆರೆಯುತ್ತದೆ. ದಮನಕ ಅತಿಯಾಗಿ ಹೆಚ್ಚಿದರೆ? ಆಗ ಅದು ಮೆಚ್ಚಿಕೆಯಲ್ಲದ ಮಣೆ 3ರ ಮೇಲೂ ಕುಳಿತು ತನ್ನ ತಯಾರಿಕೆಯನ್ನೇ ತಡೆಯುತ್ತದೆ. ಹೀಗೆ ಪ್ರಮಾಣ ತೀರ ಇಳಿಯುವುದೂ ಇಲ್ಲ, ತೀರ ಏರುವುದೂ ಇಲ್ಲ.

ಇದರಿಂದ ಇನ್ನೊಂದು ಲಾಭ. ಹೊರಗಿನಿಂದ ಬೇರೊಂದು ಲ್ಯಾಂಬ್ಡಾ ಬಂದು ಅದೇ ಬ್ಯಾಕ್ಟೀರಿಯಕ್ಕೆ ತನ್ನ ಡಿ.ಎನ್.ಎ.ಯನ್ನು ತೂರಿಸಿತೆನ್ನಿ. ಒಳಗೆ ಸಿದ್ಧವಾಗಿರುವ ದಮನಕ ಹೋಗಿ ಅದರ ಮಣೆಗಳ ಮೇಲೂ ಕುಳಿತುಬಿಡುತ್ತದೆ. ಬಂದವನು ಏನೂ ಮಾಡಲಾರ. ಕೆ-12 ಅಷ್ಟು ವರ್ಷ ತನ್ನದೇ ಫೇಜಿನಿಂದ ನಾಶವಾಗದೆ ಉಳಿದುದು ಹೀಗೆ. ನಮ್ಮ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ದೊರೆಯಿತು.

ಈಗ ಅತಿನೇರಳೆ ಕಿರಣ ಬೀಳಲಿ. ಬ್ಯಾಕ್ಟೀರಿಯದ ಡಿ.ಎನ್.ಎ. ಅಲ್ಲಲ್ಲಿ ಕೆಡುತ್ತದೆ. ಕೆಟ್ಟ ಕಡೆಗಳಲ್ಲಿ ಬಿಚ್ಚಿಕೊಂಡ ಒಂಟಿ ಎಳೆಗಳನ್ನು ರೆಕ್-ಎ ಎಂಬ ಪ್ರೋಟೀನು ಸುತ್ತಿಕೊಳ್ಳುತ್ತದೆ. ಇದು ಬ್ಯಾಕ್ಟೀರಿಯದ ಅಪಾಯದ ಗಂಟೆ. ಬ್ಯಾಕ್ಟೀರಿಯಕ್ಕೂ ತನ್ನದೇ ಆದ ಒಂದು ದಮನಕವಿದ್ದು, ಅದು ದುರಸ್ತಿ ಜೀನುಗಳನ್ನು ಸಾಮಾನ್ಯ ದಿನಗಳಲ್ಲಿ ಮುಚ್ಚಿಟ್ಟಿರುತ್ತದೆ. ಅದರ ಹೆಸರು ಲೆಕ್ಸ್-ಎ. ಗಂಟೆ ಬಾರಿಸಿದಾಗ ಲೆಕ್ಸ್-ಎ ತನ್ನನ್ನು ತಾನೇ ತುಂಡರಿಸಿಕೊಳ್ಳುತ್ತದೆ, ದುರಸ್ತಿ ಕೆಲಸ ಆರಂಭವಾಗುತ್ತದೆ. ಲ್ಯಾಂಬ್ಡಾದ ದಮನಕವು ರಚನೆಯಲ್ಲಿ ಲೆಕ್ಸ್-ಎಯ ಬಂಧುವಿನಂತಿದೆ. ಅದೇ ಗಂಟೆಯ ಸದ್ದಿಗೆ ಅದೂ ತುಂಡಾಗುತ್ತದೆ. ಮನೆಯವರ ಅಪಾಯದ ಕೂಗನ್ನು ಅಡಗಿ ಕುಳಿತ ಕಳ್ಳನೂ ಕೇಳಿಸಿಕೊಂಡು, ಮನೆ ಬೀಳುವ ಮೊದಲೇ ಓಡಿಹೋಗಲು ಸಿದ್ಧನಾದಂತಾಯಿತು.

ದಮನಕ ತುಂಡಾಗುವ ಜಾಗವೂ ಗೊತ್ತಿದೆ. ಡಂಬೆಲ್ಲಿನ ನಡುವಿನ ತೆಳ್ಳಗಿನ ಎಳೆಯಲ್ಲಿ, 111ನೆಯ ಮತ್ತು 112ನೆಯ ಅಮೈನೋ ಆಮ್ಲಗಳ ನಡುವೆ. ಡಿ.ಎನ್.ಎ. ಹಿಡಿಯುವ ಗುಂಡು ಸರಿಯಾಗಿಯೇ ಉಳಿದರೂ ಜೊತೆಗಾರನನ್ನು ಹಿಡಿಯುವ ಗುಂಡು ಬೇರೆಯಾಯಿತು. ಜೋಡಿಯಿಲ್ಲದೆ, ನೆರೆಯವನ ಕೈಯಿಲ್ಲದೆ, ಅದು ಮಣೆಯ ಮೇಲೆ ಹೆಚ್ಚು ಹೊತ್ತು ಕೂರಲಾರದು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಬೇಕು. ಎರಡು ಮಣೆಗಳನ್ನು ತುಂಬಲು ದಮನಕದ ಎರಡು ಜೋಡಿಗಳು, ಅಂದರೆ ನಾಲ್ಕು ಅಣುಗಳು ಒಟ್ಟಿಗೆ ಬೇಕು. ಲೆಕ್ಕ ಸರಳವಾಗಲೆಂದು ನಾಲ್ಕೂ ಒಂದೇ ಸಲಕ್ಕೆ ಬಂದು ಸೇರುತ್ತವೆ ಎಂದಿಟ್ಟುಕೊಳ್ಳೋಣ. ಆಗ ಮಣೆಗಳು ತುಂಬಿರುವ ಹೊತ್ತು ಮತ್ತು ಖಾಲಿಯಿರುವ ಹೊತ್ತು, ಇವೆರಡರ ಪ್ರಮಾಣವು ದಮನಕದ ಪ್ರಮಾಣದ ನಾಲ್ಕನೆಯ ಘಾತದಂತೆ ಬದಲಾಗುತ್ತದೆ. ಅಡಗಿರುವ ಸ್ಥಿತಿಯಲ್ಲಿ ಈ ಪ್ರಮಾಣ 256ಕ್ಕೆ 1 ಇದೆಯೆಂದು ಭಾವಿಸಿ. ಎಂದರೆ ಬಾಗಿಲು ನೂರರಲ್ಲಿ 99.6 ಪಾಲು ಹೊತ್ತು ಮುಚ್ಚಿಯೇ ಇದೆ. ಈಗ ದಮನಕ ಕಾಲು ಭಾಗಕ್ಕೆ ಇಳಿಯಲಿ. ಕಾಲನ್ನು ನಾಲ್ಕು ಸಲ ಗುಣಿಸಿದರೆ 256ರಲ್ಲಿ ಒಂದು ಭಾಗ. ಆದ್ದರಿಂದ 256ಕ್ಕೆ 1 ಇದ್ದುದು 1ಕ್ಕೆ 1 ಆಗುತ್ತದೆ. ಬಾಗಿಲು ಅರ್ಧ ಹೊತ್ತು ತೆರೆದೇ ಇರುತ್ತದೆ. ಇದೇ ಕೆಲಸವನ್ನು ಒಂಟಿ ಅಣುವೊಂದು ಮಾಡುತ್ತಿದ್ದರೆ ಏನಾಗುತ್ತಿತ್ತು? 256 ಎಂಬುದು 64ಕ್ಕೆ ಇಳಿಯುತ್ತಿತ್ತು ಅಷ್ಟೆ. ನೂರರಲ್ಲಿ 98 ಪಾಲಿಗೂ ಹೆಚ್ಚು ಹೊತ್ತು ಬಾಗಿಲು ಇನ್ನೂ ಮುಚ್ಚಿಯೇ ಇರುತ್ತಿತ್ತು. ಅರ್ಧ ತೆರೆಯಬೇಕಾದರೆ ದಮನಕ 256 ಪಟ್ಟು ಇಳಿಯಬೇಕಾಗುತ್ತಿತ್ತು. ನಿಜವಾದ ಜೀವಕೋಶದಲ್ಲಿ ಲೆಕ್ಕ ಇಷ್ಟು ನುಣುಪಾಗಿಲ್ಲ, ಆದರೆ ಫಲ ಇದೇ ಬಗೆಯದು: ನಾಲ್ಕೈದು ಪಟ್ಟು ಇಳಿದರೆ ಸಾಕು, ಸ್ವಿಚ್ಚು ಮಗುಚುತ್ತದೆ. ದಮನಕಗಳು ಕೈಕೈ ಹಿಡಿದುಕೊಂಡದ್ದರಿಂದಲೇ ಸ್ವಿಚ್ಚಿಗೆ ಬಿಗಿಯೂ ಬಂತು, ಬೇಗ ಮಗುಚುವ ಗುಣವೂ ಬಂತು.

ಮಣೆಗಳು ಖಾಲಿಯಾದವು. ಈಗ ಬಲಕ್ಕೆ ಹೊರಡುವ ನಕಲುಗಾರನಿಗೆ ಯಾರ ಒತ್ತಾಸೆಯೂ ಬೇಕಾಗಿಲ್ಲ. ಆ ಜಾಗ ಸ್ವಭಾವತಃ ಬಲವಾದುದು. ಕ್ರೋ ತಯಾರಾಗುತ್ತದೆ. ಅದೂ ಜೋಡಿಯಾಗಿಯೇ ಬರುತ್ತದೆ, ಆದರೆ ನೆರೆಯವರ ಕೈಹಿಡಿಯುವ ಅಭ್ಯಾಸ ಅದಕ್ಕಿಲ್ಲ. ಮೊದಲ ಜೋಡಿ ನೇರವಾಗಿ ಮಣೆ 3ಕ್ಕೆ ಹೋಗಿ ಕುಳಿತು ಸಿ-ಒನ್ನಿನ ಬಾಗಿಲು ಹಾಕುತ್ತದೆ. ಹೊಸ ದಮನಕ ಬರುವುದು ನಿಂತಿತು. ಹಳೆಯದು ತುಂಡಾಗುತ್ತಲೇ ಇದೆ. ಇತ್ತ ಒಡೆಯುವ ಜೀನುಗಳೆಲ್ಲ ಒಂದೊಂದಾಗಿ ಎದ್ದು, ಫೇಜಿನ ಡಿ.ಎನ್.ಎ. ಬ್ಯಾಕ್ಟೀರಿಯದ ಡಿ.ಎನ್.ಎ.ಯಿಂದ ಬಿಡಿಸಿಕೊಂಡು ಹೊರಬಂದು ನಕಲಾಗತೊಡಗುತ್ತದೆ. ಕ್ರೋ ಹೆಚ್ಚಾದ ಮೇಲೆ ಮಣೆ 2 ಮತ್ತು 1ರ ಮೇಲೂ ಕುಳಿತು ತನ್ನ ತಯಾರಿಕೆಯನ್ನೂ ತಗ್ಗಿಸುತ್ತದೆ. ಆ ಹೊತ್ತಿಗೆ ಅದರ ಅಗತ್ಯವೂ ಮುಗಿದಿರುತ್ತದೆ.

ಇಷ್ಟು ಓದಿದವರು ಒಂದು ಸಂದೇಹ ಎತ್ತಬಹುದು. ಮಲಗಿದ್ದ ಫೇಜು ಏಳುವುದು ತಿಳಿಯಿತು; ಆದರೆ ಹೊಸದಾಗಿ ಒಳಹೊಕ್ಕ ಫೇಜಿನಲ್ಲಿ ದಮನಕವೂ ಇಲ್ಲ, ಕ್ರೋವೂ ಇಲ್ಲ, ಮೂರು ಮಣೆಗಳೂ ಖಾಲಿ. ಹಾಗಿದ್ದರೆ ಅದು ಯಾವಾಗಲೂ ಒಡೆಯುವ ದಾರಿಯನ್ನೇ ಹಿಡಿಯಬೇಕಲ್ಲ? ಸಂದೇಹ ಸರಿಯಾದುದೇ. ಮೊದಲಲ್ಲಿ ದಮನಕಕ್ಕೆ ಒಂದು ಆಸರೆ ಬೇಕು. ಆ ಆಸರೆ ಸಿ-ಟೂ ಎಂಬ ಮತ್ತೊಂದು ಪ್ರೋಟೀನು. ಇದರ ಜೀನು ಕ್ರೋವಿನ ಆಚೆಗಿದೆ, ಒಡೆಯುವ ದಾರಿಯ ಆರಂಭದಲ್ಲಿಯೇ ಸ್ವಲ್ಪ ತಯಾರಾಗುತ್ತದೆ. ಅದು ಬೇರೊಂದು ಜಾಗದಿಂದ ನಕಲುಗಾರನನ್ನು ಹೊರಡಿಸಿ ಸಿ-ಒನ್ನನ್ನು ಒಮ್ಮೆಲೇ ಜೋರಾಗಿ ಬರೆಸುತ್ತದೆ. ಜೊತೆಗೆ ಫೇಜನ್ನು ಬ್ಯಾಕ್ಟೀರಿಯದ ಡಿ.ಎನ್.ಎ.ಗೆ ಸೇರಿಸುವ ಕಿಣ್ವವನ್ನೂ ಮಾಡಿಸುತ್ತದೆ. ದಮನಕ ಒಮ್ಮೆ ಸಾಕಷ್ಟು ಆದ ಮೇಲೆ ತನ್ನನ್ನು ತಾನೇ ನೋಡಿಕೊಳ್ಳುತ್ತದೆ, ಸಿ-ಟೂ ಮತ್ತೆ ಬೇಕಾಗಿಲ್ಲ.

ಆದರೆ ಸಿ-ಟೂ ಬಹಳ ಅಲ್ಪಾಯುಷಿ. ಬ್ಯಾಕ್ಟೀರಿಯದ ಒಂದು ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಕತ್ತರಿಸಿ ಹಾಕುತ್ತದೆ. ಹೊಟ್ಟೆ ತುಂಬಿದ, ಚುರುಕಾಗಿ ಬೆಳೆಯುತ್ತಿರುವ ಬ್ಯಾಕ್ಟೀರಿಯದಲ್ಲಿ ಸಿ-ಟೂ ನಿಲ್ಲುವುದಿಲ್ಲ. ಫೇಜು ಒಡೆಯುವ ದಾರಿ ಹಿಡಿಯುತ್ತದೆ. ಹಸಿದ ಬ್ಯಾಕ್ಟೀರಿಯದಲ್ಲಿ ಅದು ಹೆಚ್ಚು ಉಳಿಯುತ್ತದೆ, ಫೇಜು ಅಡಗುತ್ತದೆ. ಹಸಿದವನಲ್ಲಿ ನೂರು ಮರಿಗಳನ್ನು ಮಾಡುವಷ್ಟು ಸಾಮಗ್ರಿಯಾದರೂ ಎಲ್ಲಿದೆ? ಒಂದೇ ಬ್ಯಾಕ್ಟೀರಿಯಕ್ಕೆ ಒಟ್ಟಿಗೆ ಹಲವು ಫೇಜುಗಳು ಹೊಕ್ಕರೂ ಸಿ-ಟೂ ಹೆಚ್ಚಾಗಿ ಅಡಗುವ ದಾರಿಯೇ ಹೆಚ್ಚು. ಒಬ್ಬೊಬ್ಬರ ಮೇಲೆ ಹಲವರು ಬೀಳುತ್ತಿದ್ದಾರೆಂದರೆ ಹೊರಗೆ ಫೇಜುಗಳು ಜಾಸ್ತಿ, ಬ್ಯಾಕ್ಟೀರಿಯಗಳು ಕಡಿಮೆ ಎಂದರ್ಥ. ಒಡೆದು ಹೊರಬಂದರೂ ಮುಂದೆ ಹೋಗಲು ಮನೆಗಳಿಲ್ಲ. ಹುಡುಗಿಯ ಪ್ರಶ್ನೆಗೆ ಉಳಿದರ್ಧ ಉತ್ತರ ಇದು. 2010ರಲ್ಲಿ ಅಮೆರಿಕದಲ್ಲಿ ಇಡೊ ಗೋಲ್ಡಿಂಗ್ ಮತ್ತು ಸಂಗಡಿಗರು ಬೆಳಗುವ ಫೇಜುಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತ ನೋಡಿದಾಗ ಇನ್ನೂ ಒಂದು ಸಂಗತಿ ಹೊರಬಿತ್ತು: ಒಳಹೊಕ್ಕ ಪ್ರತಿಯೊಂದು ಫೇಜೂ ತನ್ನ ಮಟ್ಟಿಗೆ ಪ್ರತ್ಯೇಕವಾಗಿ ನಿರ್ಧರಿಸುವಂತೆ ಕಾಣುತ್ತದೆ, ಎಲ್ಲವೂ ಅಡಗುವುದನ್ನೇ ಆರಿಸಿದರೆ ಮಾತ್ರ ಬ್ಯಾಕ್ಟೀರಿಯ ಉಳಿಯುತ್ತದೆ.

ಇದನ್ನೆಲ್ಲ ಕಣ್ಣಿಗೆ ಕಾಣದ ಅಣುಗಳ ಬಗೆಗೆ ಹೇಗೆ ಕಂಡುಹಿಡಿದರು ಎಂದು ಕೇಳುವಿರಿ. ಮೊದಲ ಸಾಕ್ಷಿ ಬರಿಗಣ್ಣಿಗೇ ಕಾಣುವಂತಹುದು. ಗಾಜಿನ ತಟ್ಟೆಯಲ್ಲಿ ಅಗರ್ ಎರೆದು ಅದರ ಮೇಲೆ ಬ್ಯಾಕ್ಟೀರಿಯಗಳನ್ನು ಹರಡಿ, ಕೆಲವೇ ಫೇಜುಗಳನ್ನು ಸೇರಿಸಿ ರಾತ್ರಿಯೆಲ್ಲ ಬೆಚ್ಚಗಿಟ್ಟರೆ, ಬೆಳಿಗ್ಗೆ ಬ್ಯಾಕ್ಟೀರಿಯದ ಮಂದ ಪದರದಲ್ಲಿ ದುಂಡನೆಯ ಚುಕ್ಕೆಗಳು ಕಾಣುತ್ತವೆ. ಒಂದೊಂದು ಚುಕ್ಕೆಯೂ ಒಂದೊಂದು ಫೇಜಿನ ಸಂತಾನ ಬ್ಯಾಕ್ಟೀರಿಯಗಳನ್ನು ಒಡೆದ ಜಾಗ. ಆದರೆ ಲ್ಯಾಂಬ್ಡಾದ ಚುಕ್ಕೆ ಸ್ವಚ್ಛವಾಗಿರುವುದಿಲ್ಲ, ನಡುವೆ ಮಬ್ಬಾಗಿರುತ್ತದೆ. ಫೇಜು ಅಡಗಿಕೊಂಡ ಬ್ಯಾಕ್ಟೀರಿಯಗಳು ಅಲ್ಲಿ ಸಾಯದೆ ಮತ್ತೆ ಬೆಳೆದಿರುತ್ತವೆ. ಎಂದಾದರೊಮ್ಮೆ ಗಾಜಿನಂತೆ ಸ್ವಚ್ಛವಾದ ಚುಕ್ಕೆ ಸಿಗುತ್ತದೆ. ಅದು ಅಡಗುವುದನ್ನು ಮರೆತ ಫೇಜಿನದು. ಡೇಲ್ ಕೈಸರ್ ಎಂಬವರು 1957ರಲ್ಲಿ ಇಂತಹ ಸ್ವಚ್ಛ ಚುಕ್ಕೆಯ ಫೇಜುಗಳನ್ನು ವಿಂಗಡಿಸಿ, ಕೆಟ್ಟಿರುವ ಜೀನುಗಳು ಮೂರು ಎಂದು ತೋರಿಸಿದರು. ಸಿ-ಒನ್, ಸಿ-ಟೂ, ಸಿ-ತ್ರೀ ಎಂಬ ಹೆಸರುಗಳು ಬಂದುದು ಅಲ್ಲಿಂದ. ಮೂರನೆಯದು ಸಿ-ಟೂವನ್ನು ಕತ್ತರಿಸದಂತೆ ಕಾಪಾಡುವ ಪ್ರೋಟೀನು. ದಮನಕವನ್ನು ನಿಜವಾಗಿ ಬೇರ್ಪಡಿಸಿ ಅದು ಡಿ.ಎನ್.ಎ.ಗೆ ಅಂಟುವುದನ್ನು ತೋರಿಸಿದವರು ಹಾರ್ವರ್ಡಿನ ಮಾರ್ಕ್ ಟಾಶ್ನೆ, 1967ರಲ್ಲಿ.

ದಮನಕದ ಮಹತ್ವವನ್ನು ಇನ್ನೂ ಸುಲಭವಾಗಿ ತೋರಿಸುವ ಒಂದು ಮಾರ್ಪಟ್ಟ ಫೇಜು ಇದೆ. ಅದರ ದಮನಕ ಬಿಸಿ ತಾಳಲಾರದು. ಅದು ಅಡಗಿರುವ ಬ್ಯಾಕ್ಟೀರಿಯಗಳನ್ನು 32 ಡಿಗ್ರಿಯಲ್ಲಿ ಬೆಳೆಸಿದರೆ ಎಷ್ಟು ದಿನವಾದರೂ ಆರೋಗ್ಯವಾಗಿರುತ್ತವೆ. ಸೀಸೆಯನ್ನು 42 ಡಿಗ್ರಿಯ ನೀರಿನಲ್ಲಿಟ್ಟರೆ ದಮನಕ ಕೆಟ್ಟು, ಮಂದವಾಗಿದ್ದ ದ್ರವ ಒಂದು ಗಂಟೆಯ ಸುಮಾರಿಗೆ ಕಣ್ಣೆದುರೇ ತಿಳಿಯಾಗುತ್ತದೆ. ಕಿರಣವೂ ಬೇಡ, ರೆಕ್-ಎಯೂ ಬೇಡ. ದಮನಕ ಹೋದರೆ ಸಾಕು.

ಮೇಲೆ ಹೇಳಿದ ಕಥೆಯಲ್ಲಿ ಒಂದು ತಿದ್ದುಪಡಿಯನ್ನು ಮುಚ್ಚಿಡಬಾರದು. ಮಣೆ 3ರ ಮೇಲೆ ಕ್ರೋ ಕುಳಿತು ದಮನಕವನ್ನು ತಡೆಯುವುದೇ ಮಗುಚುವಿಕೆಯ ಮುಖ್ಯ ಹೆಜ್ಜೆ ಎಂದು ಬಹುಕಾಲ ಪುಸ್ತಕಗಳು ಹೇಳಿದವು. 2005ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಪರೀಕ್ಷಿಸಿದಾಗ, ಮಲಗಿದ ಫೇಜು ಏಳಲು ಕ್ರೋವಿನ ಆ ಕೆಲಸ ಅಷ್ಟು ಅನಿವಾರ್ಯವಲ್ಲವೆಂದು ಕಂಡುಬಂತು. ಕ್ರೋ ಬಲಗಡೆಯ ನಕಲನ್ನು ಸ್ವಲ್ಪ ತಗ್ಗಿಸಿ, ಆ ಮೂಲಕ ಸಿ-ಟೂ ಹೆಚ್ಚದಂತೆ ನೋಡಿಕೊಳ್ಳುವುದೇ ಅದರ ದೊಡ್ಡ ಉಪಕಾರ. ಸಿ-ಟೂ ಹೆಚ್ಚಿದರೆ ದಮನಕ ಮತ್ತೆ ಹುಟ್ಟಿ, ಎದ್ದ ಫೇಜು ಅರ್ಧದಲ್ಲೇ ಮಲಗೀತು. ಮಣೆಗಳ ಲೆಕ್ಕ ತಪ್ಪಲಿಲ್ಲ, ಯಾವ ಮಣೆಯ ಮಾತು ಯಾವಾಗ ನಡೆಯುತ್ತದೆ ಎಂಬುದು ಮಾತ್ರ ಬದಲಾಯಿತು.

ಲ್ಯಾಂಬ್ಡಾ ಮನುಷ್ಯನಿಗೆ ಯಾವ ಕೇಡನ್ನೂ ಮಾಡುವುದಿಲ್ಲ. ಅದರ ಕೆಲವು ದಾಯಾದಿಗಳು ಮಾತ್ರ ಹಾಗಲ್ಲ. 1982ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಮಾಂಸದ ತಿನಿಸಿನಿಂದ ಜನರಿಗೆ ರಕ್ತಭೇದಿ ತಂದ ಒಂದು ಈ. ಕೋಲಿ ತಳಿಯಲ್ಲಿ ಲ್ಯಾಂಬ್ಡಾದಂತಹ ಫೇಜು ಅಡಗಿತ್ತು. ರೋಗ ತರುವ ವಿಷದ ಜೀನು ಬ್ಯಾಕ್ಟೀರಿಯದ್ದಲ್ಲ, ಆ ಫೇಜಿನದು. ಅದೂ ಒಡೆಯುವ ದಾರಿಯ ಕೊನೆಯ ಭಾಗದಲ್ಲಿ ಕೆಲಸಕ್ಕೆ ಬರುವ ಜೀನುಗಳ ಜೊತೆಗಿದೆ. ಫೇಜು ಮಲಗಿರುವವರೆಗೆ ವಿಷ ಅಲ್ಪ. ಎದ್ದರೆ ವಿಷ ತಯಾರಾಗಿ, ಬ್ಯಾಕ್ಟೀರಿಯ ಒಡೆದಾಗ ಕರುಳಿಗೆ ಸುರಿಯುತ್ತದೆ. ಬ್ಯಾಕ್ಟೀರಿಯವನ್ನು ಕೊಲ್ಲಲೆಂದು ಕೊಡುವ ಕೆಲವು ಔಷಧಿಗಳು, ಉದಾಹರಣೆಗೆ ಸಿಪ್ರೊಫ್ಲಾಕ್ಸಸಿನ್, ಅದರ ಡಿ.ಎನ್.ಎ.ಯನ್ನು ಕೆಡಿಸಿ ರೆಕ್-ಎಯ ಗಂಟೆಯನ್ನು ಬಾರಿಸುತ್ತವೆ; ಅತಿನೇರಳೆ ಕಿರಣ ಮಾಡಿದ ಕೆಲಸವನ್ನೇ ಮಾಡುತ್ತವೆ. ಆದ್ದರಿಂದ ಈ ತಳಿಯ ಸೋಂಕಿನಲ್ಲಿ ಅಂತಹ ಔಷಧಿಯನ್ನು ಕೊಡಲು ವೈದ್ಯರು ಹಿಂಜರಿಯುತ್ತಾರೆ. ರೋಗಿಯ ಮೈಯಲ್ಲಿ ನೀರಿನ ಅಂಶ ಕಡಿಮೆಯಾಗದಂತೆ ನೋಡಿಕೊಂಡು, ಮೂತ್ರಪಿಂಡಗಳ ಮೇಲೆ ಕಣ್ಣಿಟ್ಟು ಕಾಯುತ್ತಾರೆ.